47ರ ನಂತರ ಯಾವುದು?

2, 5, 11, 23, 47, ?

ಕೆಳಗೆ ನಾಲ್ಕು ಆಯ್ಕೆ: 93, 94, 95, 97.

ನಮ್ಮ ಪಕ್ಕದ ಮನೆಯ ಎಂಟನೇ ತರಗತಿ ಹುಡುಗಿ ಎನ್‌ಎಂಎಂಎಸ್ ಪರೀಕ್ಷೆಗೆ ತಯಾರಾಗುತ್ತಿದ್ದಾಳೆ. ಸಂಜೆ ಹೊತ್ತು ಹಳೇ ಪ್ರಶ್ನೆಗಳ ಗೈಡು ಹಿಡಿದು ನಮ್ಮ ಜಗುಲಿಗೆ ಬರುತ್ತಾಳೆ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗಾಗಿ ಇರುವ ಈ ಪರೀಕ್ಷೆಯಲ್ಲಿ ಗೆದ್ದರೆ ಒಂಬತ್ತನೇ ತರಗತಿಯಿಂದ ನಾಲ್ಕು ವರ್ಷ, ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಮಾನಸಿಕ ಸಾಮರ್ಥ್ಯದ ಪತ್ರಿಕೆಯಲ್ಲಿ 90 ಪ್ರಶ್ನೆ, 90 ನಿಮಿಷ. ಅಂದರೆ ಮೇಲಿನ ಸಾಲಿಗೆ ಅವಳ ಕೈಯಲ್ಲಿರುವುದು ಒಂದೇ ನಿಮಿಷ.

ಅವಳು ಅರ್ಧ ನಿಮಿಷದಲ್ಲೇ 97ಕ್ಕೆ ಗುರುತು ಹಾಕಿದಳು. ಗೈಡಿನ ಹಿಂಬದಿಯಲ್ಲಿದ್ದ ಉತ್ತರ 95. ಅವಳಿಗೆ ಸಿಟ್ಟೇ ಬಂತು. "ನೋಡಿ ಮಾಮ, ಎಲ್ಲಾ ಅವಿಭಾಜ್ಯ ಸಂಖ್ಯೆ. ಎರಡು, ಐದು, ಹನ್ನೊಂದು, ಇಪ್ಪತ್ಮೂರು, ನಲವತ್ತೇಳು, ಒಂದನ್ನೂ ಭಾಗಿಸೋಕಾಗಲ್ಲ. ತೊಂಬತ್ತೈದು ಐದರಿಂದ ಭಾಗ ಹೋಗುತ್ತೆ. ಅದು ಹೆಂಗೆ ಬರುತ್ತೆ ಇದರಲ್ಲಿ?"

ಅವಳು ಕಂಡದ್ದು ಸುಳ್ಳಲ್ಲ. ಆ ಐದೂ ಅವಿಭಾಜ್ಯ ಸಂಖ್ಯೆಗಳೇ. 95 ಎಂದರೆ 5 × 19, ಅದು ಆ ಗುಂಪಿಗೆ ಸೇರುವುದಿಲ್ಲ. ಆಯ್ಕೆಗಳಲ್ಲಿರುವ ಒಂದೇ ಅವಿಭಾಜ್ಯ ಸಂಖ್ಯೆ 97. ಪ್ರಶ್ನೆ ಬರೆದವರು ಬಲೆ ಬೀಸಿದ್ದೇ ಅಲ್ಲಿ.

ಗೈಡಿನ ಉತ್ತರ ಬಂದ ದಾರಿ ಇದು. ಪಕ್ಕಪಕ್ಕದ ಸಂಖ್ಯೆಗಳ ವ್ಯತ್ಯಾಸ ತೆಗೆದರೆ 3, 6, 12, 24. ಪ್ರತಿ ಸಲವೂ ಇಮ್ಮಡಿ. ಮುಂದಿನ ವ್ಯತ್ಯಾಸ 48, 47ಕ್ಕೆ ಕೂಡಿಸಿದರೆ 95. ಇದನ್ನೇ ಇನ್ನೂ ಚಿಕ್ಕದಾಗಿ ಹೇಳಬಹುದು: ಇಮ್ಮಡಿ ಮಾಡಿ ಒಂದು ಕೂಡಿಸು. 2ರಿಂದ 5, 5ರಿಂದ 11, 11ರಿಂದ 23, 23ರಿಂದ 47, 47ರಿಂದ 95.

ಉಳಿದ ಎರಡು ಆಯ್ಕೆಗಳೂ ಸುಮ್ಮನೆ ಇಟ್ಟವಲ್ಲ. ಇಮ್ಮಡಿ ಮಾಡಿ ಒಂದು ಕೂಡಿಸುವುದನ್ನು ಮರೆತವರಿಗೆ 94 ಸಿಗುತ್ತದೆ, ಕೂಡಿಸುವ ಬದಲು ಕಳೆದವರಿಗೆ 93. ಒಳ್ಳೆಯ ಪ್ರಶ್ನೆಯಲ್ಲಿ ತಪ್ಪು ಉತ್ತರವೂ ಯಾರೋ ಒಬ್ಬರು ನಿಜವಾಗಿ ಮಾಡುವ ತಪ್ಪಿನಿಂದ ಹುಟ್ಟಿರುತ್ತದೆ. ಆದ್ದರಿಂದಲೇ ನಮ್ಮ ಲೆಕ್ಕದ ಉತ್ತರ ಆಯ್ಕೆಗಳಲ್ಲಿ ಸಿಕ್ಕಿತು ಎಂಬುದು ಲೆಕ್ಕ ಸರಿ ಎಂಬುದಕ್ಕೆ ಆಧಾರವಾಗುವುದಿಲ್ಲ.

ಹುಡುಗಿಗೆ ನಾನು ಹೇಳಿದ್ದು ಇಷ್ಟು: ಬೆರಳಿನಿಂದ 23ನ್ನು ಮುಚ್ಚು. ಈಗ ನಿನ್ನ ನಿಯಮ ಹಿಡಿದು, ಮುಚ್ಚಿದ ಸಂಖ್ಯೆ ಯಾವುದು ಹೇಳು. ಅವಳು ಬೆರಳಿಟ್ಟು ಯೋಚಿಸಿದಳು. 11 ಆದಮೇಲೆ 13 ಅವಿಭಾಜ್ಯ, 17 ಅವಿಭಾಜ್ಯ, 19 ಅವಿಭಾಜ್ಯ. ಇವುಗಳಲ್ಲಿ ಯಾವುದನ್ನು ಬೇಕಾದರೂ ಅಲ್ಲಿ ಕೂರಿಸಬಹುದು. 23ನ್ನೇ ಕೊಡು ಎಂದು ಅವಳ ನಿಯಮ ಕೇಳುವುದೇ ಇಲ್ಲ. 'ಎಲ್ಲವೂ ಅವಿಭಾಜ್ಯ' ಎಂಬುದು ಆ ಸಂಖ್ಯೆಗಳ ಲಕ್ಷಣ, ಅವುಗಳನ್ನು ಹುಟ್ಟಿಸುವ ನಿಯಮ ಅಲ್ಲ. 'ಎಲ್ಲವೂ ಬೆಸ', 'ಏರುತ್ತಾ ಹೋಗುತ್ತವೆ', 'ಎಲ್ಲವೂ ಮೂರರಿಂದ ಭಾಗವಾಗುತ್ತವೆ', ಇಂಥವೆಲ್ಲ ಕಣ್ಣಿಗೆ ಬೇಗ ಬೀಳುವ ಲಕ್ಷಣಗಳು. ನಿಯಮ ಎಂದರೆ ಮುಚ್ಚಿದ ಜಾಗದಲ್ಲಿ ಒಂದೇ ಒಂದು ಸಂಖ್ಯೆಯನ್ನು ಬೆರಳಿಟ್ಟು ತೋರಿಸುವಂಥದ್ದು.

ಅವಳು ಒಪ್ಪಿಕೊಂಡು ಮನೆಗೆ ಹೋದಳು. ನನಗೆ ಮಾತ್ರ ಸಮಾಧಾನವಾಗಲಿಲ್ಲ. 97ರ ಪರವಾಗಿ ನಿಜವಾದ ನಿಯಮವೇ ಇಲ್ಲವೇ? ರಾತ್ರಿ ಊಟವಾದ ಮೇಲೆ ಕಾಗದ ಹಿಡಿದು ಕೂತು, ಅವಿಭಾಜ್ಯ ಸಂಖ್ಯೆಗಳನ್ನು ಕ್ರಮವಾಗಿ ಬರೆದು ಒಂದೊಂದಕ್ಕೂ ಕ್ರಮಸಂಖ್ಯೆ ಕೊಟ್ಟೆ. 2 ಒಂದನೆಯದು, 3 ಎರಡನೆಯದು, 5 ಮೂರನೆಯದು, ಹೀಗೆ. ಪ್ರಶ್ನೆಯಲ್ಲಿದ್ದ 2, 5, 11, 23, 47 ಬಂದ ಸ್ಥಾನಗಳು 1, 3, 5, 9, 15. ಈ ಐದನ್ನು ನೋಡುತ್ತಾ ಕೂತಾಗ ಮೈ ಜುಮ್ಮೆಂದಿತು. ಹಿಂದಿನ ಎರಡನ್ನು ಕೂಡಿಸಿ ಒಂದು ಸೇರಿಸಿದರೆ ಮುಂದಿನದು ಬರುತ್ತದೆ! 1, 3 ಮತ್ತು ಒಂದು ಸೇರಿ 5. 3, 5 ಮತ್ತು ಒಂದು ಸೇರಿ 9. 5, 9 ಮತ್ತು ಒಂದು ಸೇರಿ 15. ಮುಂದಿನದು 9, 15 ಮತ್ತು ಒಂದು, ಒಟ್ಟು 25. ಇಪ್ಪತ್ತೈದನೇ ಅವಿಭಾಜ್ಯ ಸಂಖ್ಯೆ ಯಾವುದು? ನೂರರೊಳಗೆ ಇರುವ ಅವಿಭಾಜ್ಯ ಸಂಖ್ಯೆಗಳು ಸರಿಯಾಗಿ 25, ಅವುಗಳಲ್ಲಿ ಕೊನೆಯದು 97.

ಮರುದಿನ ತೋರಿಸಿದೆ. "ಹಂಗಾದ್ರೆ ನಂದೂ ಸರಿ!" ಎಂದು ಕುಣಿದಳು. ಇದು ಬರೀ ಲಕ್ಷಣವಲ್ಲ, ಬೆರಳಿನ ಪರೀಕ್ಷೆಯಲ್ಲೂ ಪಾಸಾಗುತ್ತದೆ. 23 ಮುಚ್ಚಿದರೆ ಒಂಬತ್ತನೇ ಅವಿಭಾಜ್ಯ ಸಂಖ್ಯೆ ಎಂದು 23ನ್ನೇ ಕೊಡುತ್ತದೆ. ಹಾಗಾದರೆ 95 ಯಾಕೆ ಸರಿ, 97 ಯಾಕೆ ತಪ್ಪು? ಪರೀಕ್ಷೆಗೆ ಕೂರುವವರ ಹೊಟ್ಟೆಯಲ್ಲಿ ಸದಾ ಇರುವ ಸಂಕಟ ಇದೇ: ಎರಡು ನಿಯಮ ಹೊಂದಿದಾಗ ಯಾವುದನ್ನು ಹಿಡಿಯಬೇಕು?

ಮೊದಲು ಒಂದು ಮಾತನ್ನು ಒಪ್ಪಿಕೊಂಡುಬಿಡಬೇಕು. ಎಷ್ಟೇ ಸಂಖ್ಯೆಗಳ ಸರಣಿ ಕೊಟ್ಟರೂ ಮುಂದೆ ನಿಮಗೆ ಇಷ್ಟಬಂದ ಸಂಖ್ಯೆ ಬರುವಂತೆ ಸೂತ್ರ ಹೊಸೆಯಬಹುದು. 2, 4, 6, 8 ಆದಮೇಲೆ 10 ಬರಬೇಕು ಎಂದು ಎಲ್ಲರೂ ಹೇಳುತ್ತಾರೆ. ಸೂತ್ರ 2n. ಈಗ ಈ ಸೂತ್ರ ನೋಡಿ:

2n + (n−1)(n−2)(n−3)(n−4)

n ಜಾಗದಲ್ಲಿ 1, 2, 3, 4 ಯಾವುದನ್ನು ಹಾಕಿದರೂ ಆವರಣಗಳಲ್ಲಿ ಒಂದು ಸೊನ್ನೆಯಾಗುತ್ತದೆ, ಗುಣಲಬ್ಧವೂ ಸೊನ್ನೆ, ಉಳಿಯುವುದು 2, 4, 6, 8. ಐದು ಹಾಕಿದರೆ 4 × 3 × 2 × 1, ಅಂದರೆ 24 ಬಂದು ಸೇರಿಕೊಳ್ಳುತ್ತದೆ. ಐದನೇ ಸಂಖ್ಯೆ 34! ಆ ಬಾಲವನ್ನು ಬೇರೆ ಯಾವುದಾದರೂ ಸಂಖ್ಯೆಯಿಂದ ಗುಣಿಸಿಟ್ಟರೆ 34ರ ಬದಲು ಮತ್ತೊಂದು ಬರುತ್ತದೆ. ಹಾಗಾಗಿ 'ಇದೊಂದೇ ಹೊಂದುತ್ತದೆ' ಎಂಬ ಮಾತು ಯಾವ ಸರಣಿಯ ಬಗ್ಗೆಯೂ ನಿಜವಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಹೊಂದುವ ನಿಯಮಗಳಲ್ಲಿ ಯಾವುದಕ್ಕೆ ಹೆಚ್ಚು ಸಾಕ್ಷಿ ಇದೆ?

ಸಾಕ್ಷಿಯನ್ನು ಎಣಿಸಲು ಬರುತ್ತದೆ. ಯಾವುದೇ ನಿಯಮವನ್ನು ಕಟ್ಟಲು ಮೊದಲ ಕೆಲವು ಸಂಖ್ಯೆಗಳು ಖರ್ಚಾಗುತ್ತವೆ. ಆ ಸಂಖ್ಯೆಗಳನ್ನು ನೋಡಿಯೇ ನಿಯಮ ಮಾಡಿದ್ದರಿಂದ ಅವು ಹೊಂದುವುದರಲ್ಲಿ ವಿಶೇಷ ಏನಿಲ್ಲ. ಅಳತೆ ತೆಗೆದುಕೊಂಡು ಹೊಲಿದ ಅಂಗಿ ಅದೇ ಮೈಗೆ ಸರಿಹೋದಂತೆ. ಖರ್ಚಾಗದೆ ಉಳಿದ ಸಂಖ್ಯೆಗಳು ಮಾತ್ರ ಸಾಕ್ಷಿ ಹೇಳಬಲ್ಲವು.

ಸಣ್ಣದೊಂದು ಸರಣಿಯಲ್ಲಿ ನೋಡೋಣ: 2, 3, 5, 8, ? ಆಯ್ಕೆಗಳಲ್ಲಿ 12 ಇದೆ, 13 ಕೂಡ ಇದೆ. ವ್ಯತ್ಯಾಸ 1, 2, 3 ಎಂದು ನೋಡಿದವರು ಮುಂದೆ 4 ಕೂಡಿಸಿ 12 ಎನ್ನುತ್ತಾರೆ. ಹಿಂದಿನ ಎರಡನ್ನು ಕೂಡಿಸಿದವರು 5 ಮತ್ತು 8 ಸೇರಿ 13 ಎನ್ನುತ್ತಾರೆ. ಮೊದಲ ನಿಯಮಕ್ಕೆ ಆರಂಭದ ಸಂಖ್ಯೆ ಬೇಕು, ಮೊದಲ ವ್ಯತ್ಯಾಸ ಬೇಕು, ವ್ಯತ್ಯಾಸ ಎಷ್ಟೆಷ್ಟು ಬೆಳೆಯುತ್ತದೆ ಎಂಬುದೂ ಬೇಕು. ಮೂರು ವಿವರ, ಅದಕ್ಕೆ 2, 3, 5 ಮೂರೂ ಖರ್ಚು. ಸಾಕ್ಷಿಗೆ ಉಳಿದದ್ದು 8 ಒಂದೇ. ಎರಡನೇ ನಿಯಮಕ್ಕೆ ಆರಂಭದ ಎರಡು ಸಂಖ್ಯೆ ಸಾಕು, 2 ಮತ್ತು 3. ಆಮೇಲೆ 5 ಸಾಕ್ಷಿ, 8 ಕೂಡ ಸಾಕ್ಷಿ. ಆದ್ದರಿಂದ 13ರ ಕಡೆ ತಕ್ಕಡಿ ವಾಲುತ್ತದೆ. ಬಹಳವೇನಲ್ಲ, ಒಂದೇ ಸಾಕ್ಷಿಯಷ್ಟು. ವ್ಯತ್ಯಾಸ 1, 2, 3 ಎಂದು ಏರುವುದು ಎಷ್ಟು ಸಹಜ ಎಂದರೆ ಅದಕ್ಕೆ ಮೂರು ವಿವರ ಯಾಕೆ ಎಂದು ಯಾರಾದರೂ ವಾದಿಸಬಹುದು. ಆ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ನಾಲ್ಕೇ ಸಂಖ್ಯೆ ಕೊಟ್ಟು 12 ಮತ್ತು 13 ಎರಡನ್ನೂ ಆಯ್ಕೆಯಲ್ಲಿಟ್ಟರೆ ತಪ್ಪು ಪ್ರಶ್ನೆ ಬರೆದವರದು. ಇನ್ನೊಂದು ಸಂಖ್ಯೆ ಕೊಟ್ಟಿದ್ದರೆ ಜಗಳವೇ ಇರುತ್ತಿರಲಿಲ್ಲ.

ಈ 2, 3, 5, 8ಕ್ಕೆ ಕನ್ನಡದ ಹೈಸ್ಕೂಲು ಮಕ್ಕಳು ಛಂದಸ್ಸಿನ ಪಾಠದಲ್ಲಿ ಕೈಯಾರೆ ಸಾಕ್ಷಿ ತರಬಹುದು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಎರಡು ಮಾತ್ರೆಯನ್ನು ಎಷ್ಟು ಬಗೆಯಲ್ಲಿ ತುಂಬಬಹುದು? ಎರಡು ಲಘು, ಇಲ್ಲವೇ ಒಂದು ಗುರು, ಎರಡೇ ಬಗೆ. ಮೂರು ಮಾತ್ರೆಯ ಗಣಕ್ಕೆ ಮೂರು ಬಗೆ: ಮೂರು ಲಘು, ಲಘು ಗುರು, ಗುರು ಲಘು. ನಾಲ್ಕು ಮಾತ್ರೆಗೆ ಐದು, ಐದು ಮಾತ್ರೆಗೆ ಎಂಟು. ಆರು ಮಾತ್ರೆಗೆ ಬರೆದು ನೋಡುವ ಮೊದಲೇ ಹೇಳಬಹುದು. ಕೊನೆಯಲ್ಲಿ ಲಘು ಬಂದರೆ ಅದರ ಹಿಂದೆ ಐದು ಮಾತ್ರೆ ಉಳಿಯುತ್ತದೆ, ಅದಕ್ಕೆ ಎಂಟು ಬಗೆ. ಕೊನೆಯಲ್ಲಿ ಗುರು ಬಂದರೆ ಹಿಂದೆ ನಾಲ್ಕು ಮಾತ್ರೆ, ಅದಕ್ಕೆ ಐದು ಬಗೆ. ಒಟ್ಟು 13. ಇಟಲಿಯ ಫಿಬೊನಾಚಿ 1202ರಲ್ಲಿ ಮೊಲಗಳ ಲೆಕ್ಕದ ಮೂಲಕ ಇದೇ ಸರಣಿಯನ್ನು ಬರೆಯುವುದಕ್ಕೆ ಮುಂಚೆಯೇ, 12ನೇ ಶತಮಾನದಲ್ಲಿ ಹೇಮಚಂದ್ರ, ಅವನಿಗಿಂತ ಹಿಂದೆ ವಿರಹಾಂಕ, ಮಾತ್ರೆಗಳನ್ನು ಎಣಿಸುತ್ತಲೇ ಈ ನಿಯಮ ಹೇಳಿದ್ದರು. ಇಲ್ಲಿ 13 ಬರುವುದಕ್ಕೆ ಹೊಂದಾಣಿಕೆ ಮಾತ್ರ ಕಾರಣವಲ್ಲ. ಕೂಡಲೇಬೇಕಾದ ಅಗತ್ಯವೇ ಇದೆ. ಸರಣಿ ಎಲ್ಲಿಂದ ಬಂತು ಎಂದು ಗೊತ್ತಿದ್ದರೆ ಸಾಕ್ಷಿ ಎಣಿಸುವ ಕಷ್ಟವೇ ಬೇಡ. ಪರೀಕ್ಷೆಯ ಹಾಳೆ ಅದೊಂದನ್ನು ಮಾತ್ರ ಹೇಳುವುದಿಲ್ಲ.

ಈಗ ಹುಡುಗಿಯ ಪ್ರಶ್ನೆಗೆ ಮರಳೋಣ. 'ಇಮ್ಮಡಿ ಮಾಡಿ ಒಂದು ಕೂಡಿಸು' ಎಂಬುದಕ್ಕೆ ಮೂರು ವಿವರ ಬೇಕು: ಆರಂಭದ 2, ಎಷ್ಟರಿಂದ ಗುಣಿಸಬೇಕು, ಎಷ್ಟು ಕೂಡಿಸಬೇಕು. ಅದಕ್ಕೆ 2, 5, 11 ಖರ್ಚು. ಸಾಕ್ಷಿಗಳು ಎರಡು, 23 ಮತ್ತು 47. ನಾನು ಹುಡುಕಿದ ನಿಯಮಕ್ಕೂ ಮೂರು ವಿವರ: ಆರಂಭದ ಸ್ಥಾನಗಳು 1 ಮತ್ತು 3, ಕೂಡಿಸಬೇಕಾದ ಒಂದು. ಖರ್ಚು ಅದೇ 2, 5, 11. ಸಾಕ್ಷಿಗಳೂ ಅವೇ, 23 ಮತ್ತು 47. ಸಮ ಸಮ!

ಹೀಗೆ ಸಾಕ್ಷಿ ಸಮವಾದಾಗ ನೋಡಬೇಕಾದದ್ದು ನಿಯಮದ ಉದ್ದ. ಮೊದಲನೆಯದನ್ನು ನಾಲ್ಕು ಪದದಲ್ಲಿ ಹೇಳಿ ಮುಗಿಸಬಹುದು. ಎರಡನೆಯದನ್ನು ಹೇಳಲು ಅವಿಭಾಜ್ಯ ಸಂಖ್ಯೆಗಳ ಪಟ್ಟಿ ಬರೆ, ಕ್ರಮಸಂಖ್ಯೆ ಕೊಡು, ಹಿಂದಿನ ಎರಡು ಕ್ರಮಸಂಖ್ಯೆಗಳನ್ನು ಕೂಡಿಸು, ಒಂದು ಸೇರಿಸು, ಬಂದ ಸ್ಥಾನದಲ್ಲಿರುವ ಸಂಖ್ಯೆ ತೆಗೆ, ಇಷ್ಟೂ ಬೇಕು. ಚಿಕ್ಕದು ಚೆಂದ ಎಂಬ ಕಾರಣಕ್ಕೆ ಅದನ್ನು ಆರಿಸುತ್ತಿಲ್ಲ. ಕಾರಣ ಗಟ್ಟಿಯಾಗಿದೆ. ಒಂದೆರಡು ಹೆಜ್ಜೆಯ ನಿಯಮಗಳು ಜಗತ್ತಿನಲ್ಲಿ ಕೆಲವೇ ಇವೆ: ಕೂಡು, ಗುಣಿಸು, ಗುಣಿಸಿ ಕೂಡು, ವರ್ಗ ಮಾಡು, ಹಿಂದಿನೆರಡು ಕೂಡು. ಐದು ಹೆಜ್ಜೆಯ ನಿಯಮಗಳೋ ಸಾವಿರಾರು. ಸಾವಿರಾರು ಬೀಗದಕೈ ಇರುವ ಗೊಂಚಲಿನಲ್ಲಿ ಯಾವುದಾದರೊಂದು ಕೈ ಆ ಬೀಗಕ್ಕೆ ತಿರುಗಿದರೆ ಆಶ್ಚರ್ಯವೇನು? ಐದೇ ಕೈ ಇರುವ ಗೊಂಚಲಿನ ಕೈ ತಿರುಗಿತೆಂದರೆ ಅದು ಆ ಬೀಗದ್ದೇ ಇರಬೇಕು.

ನಾನು ಹುಡುಕಿದ ಬಗೆಯನ್ನೂ ಹೇಳಲೇಬೇಕು. 97 ಎಂಬ ಉತ್ತರವನ್ನು ಮೊದಲೇ ಕೈಯಲ್ಲಿಟ್ಟುಕೊಂಡು, ಅದಕ್ಕೆ ಒಂದು ನಿಯಮ ಸಿಗಲಿ ಎಂದು ಹುಡುಕಿದೆ. ಅಂಕಿಗಳನ್ನು ಕೂಡಿಸಿ ನೋಡಿದೆ, ಆಗಲಿಲ್ಲ. ಒಂದು ಬಿಟ್ಟು ಒಂದು ಅವಿಭಾಜ್ಯ ಸಂಖ್ಯೆ ತೆಗೆದರೆ 2, 5, 11 ಆದಮೇಲೆ 17 ಬಂತು, ಆಗಲಿಲ್ಲ. ನಡುವೆ ಬಿಟ್ಟುಹೋದ ಅವಿಭಾಜ್ಯ ಸಂಖ್ಯೆಗಳನ್ನು ಎಣಿಸಿದೆ. ಹೀಗೆ ಎಷ್ಟೋ ಬಾಗಿಲು ತಟ್ಟಿದ ಮೇಲೆ ಒಂದು ತೆರೆಯಿತು. ಸೋತ ಪ್ರಯತ್ನಗಳನ್ನು ಲೆಕ್ಕಕ್ಕೆ ಹಿಡಿದರೆ, ಗೆದ್ದ ಆ ಒಂದರ ಬೆಲೆ ಕಡಿಮೆಯಾಗುತ್ತದೆ. 95ರ ನಿಯಮವನ್ನು ಹುಡುಕಲು ಯಾರಿಗೂ ಇಷ್ಟು ಬಾಗಿಲು ತಟ್ಟಬೇಕಾಗಿಲ್ಲ. ವ್ಯತ್ಯಾಸ ತೆಗೆದ ಕೂಡಲೇ 3, 6, 12, 24 ಎದುರಿಗೆ ನಿಲ್ಲುತ್ತದೆ. ಉತ್ತರ ನೋಡುವ ಮೊದಲು ಸಿಕ್ಕ ನಿಯಮಕ್ಕೂ, ಉತ್ತರ ಇಟ್ಟುಕೊಂಡು ಹುಡುಕಿದ ನಿಯಮಕ್ಕೂ ಒಂದೇ ತೂಕವಿಲ್ಲ. ಆದ್ದರಿಂದ ಹುಡುಗಿಗೆ ನಾನು ಒಂದು ಅಭ್ಯಾಸ ಮಾಡಿಸಿದ್ದೇನೆ. ಸರಣಿ ಓದುವಾಗ ಎಡಗೈಯಿಂದ ನಾಲ್ಕೂ ಆಯ್ಕೆಗಳನ್ನು ಮುಚ್ಚಿಕೊಳ್ಳಬೇಕು. ವ್ಯತ್ಯಾಸ ತೆಗೆದು, ನಿಯಮ ಕಂಡು, ಉತ್ತರ ಕಾಗದದ ಮೇಲೆ ಬರೆದ ನಂತರವೇ ಕೈ ತೆಗೆಯಬೇಕು.

ಇದೇ ಲೆಕ್ಕದಲ್ಲಿ ದುಬಾರಿಯಾಗಿ ಕಾಣುವ ಇನ್ನೊಂದು ಉಪಾಯವಿದೆ, ಒಂದು ಸಾಲನ್ನು ಎರಡು ಸಾಲಾಗಿ ಸೀಳುವುದು. 5, 8, 10, 16, 15, 24, ? ಎಂದು ಕೊಟ್ಟರೆ ಸಂಖ್ಯೆಗಳು ಏರಿ ಇಳಿದು ಏರುತ್ತವೆ. ಇಂಥ ಕಡೆ ಒಂದು ಬಿಟ್ಟು ಒಂದು ಓದಬೇಕು: 5, 10, 15 ಒಂದು ಸಾಲು, 8, 16, 24 ಇನ್ನೊಂದು. ಉತ್ತರ 20. ಏರಿಳಿತ ಕಂಡಾಗ ಸೀಳುವುದು ಸರಿಯೇ. ಆದರೆ ಸರಣಿ ನೇರವಾಗಿ ಏರುತ್ತಿರುವಾಗಲೂ ದಾರಿ ಕಾಣದೆ ಸೀಳುವವರಿದ್ದಾರೆ. ಆರು ಸಂಖ್ಯೆಯನ್ನು ಸೀಳಿದರೆ ಮೂರು ಮೂರಾಗುತ್ತದೆ, ಮೂರರಲ್ಲಿ ಎರಡು ನಿಯಮ ಕಟ್ಟಲು ಖರ್ಚು, ಒಂದೊಂದು ಸಾಲಿಗೆ ಒಂದೇ ಸಾಕ್ಷಿ. ನಾಲ್ಕೇ ಸಂಖ್ಯೆ ಇರುವ ಸರಣಿಯನ್ನು ಸೀಳಿದರಂತೂ ಸಾಕ್ಷಿಯೇ ಇಲ್ಲ, ಏನು ಬೇಕಾದರೂ ಹೊಂದುತ್ತದೆ.

ಅಕ್ಷರ ಸರಣಿಗೆ ಬಂದರೆ ಆಟ ಅದೇ, ಅಂಗಳ ಮಾತ್ರ ಚಿಕ್ಕದು. ಕನ್ನಡ ಮಾಧ್ಯಮದ ಪ್ರಶ್ನೆಪತ್ರಿಕೆಯಲ್ಲೂ ಇಲ್ಲಿ ಸಾಮಾನ್ಯವಾಗಿ ಬರುವುದು ಇಂಗ್ಲಿಷ್ ಅಕ್ಷರಗಳೇ. ಕೋಚಿಂಗ್ ಕ್ಲಾಸುಗಳಲ್ಲಿ ಮಕ್ಕಳಿಗೆ EJOTY ಎಂಬ ಮಂತ್ರ ಕಲಿಸುತ್ತಾರೆ: E ಐದನೆಯದು, J ಹತ್ತು, O ಹದಿನೈದು, T ಇಪ್ಪತ್ತು, Y ಇಪ್ಪತ್ತೈದು. ಈ ಐದು ಮೈಲಿಗಲ್ಲು ಬಾಯಿಗೆ ಬಂದರೆ ಯಾವ ಅಕ್ಷರದ ಸ್ಥಾನವನ್ನೂ ಬೆರಳೆಣಿಸದೆ ಹೇಳಬಹುದು. W ಎಂದರೆ T ದಾಟಿ ಮೂರು, 23.

ಹುಡುಗಿಗೆ ನಾನೇ ಒಂದು ಬರೆದುಕೊಟ್ಟೆ: B, E, K, W, ? ಆಯ್ಕೆಗಳು S, T, U, V. ಸ್ಥಾನ ಬರೆದ ತಕ್ಷಣ ಅವಳ ಮುಖ ಅರಳಿತು: 2, 5, 11, 23. ಹಳೇ ಗೆಳೆಯರೇ! ಮುಂದಿನದು 47. ಆದರೆ ಅಕ್ಷರಗಳಿರುವುದು 26. Z ಆದಮೇಲೆ ಮತ್ತೆ A ಎಂದು ಸುತ್ತಬೇಕು, ಅಂದರೆ 47ರಲ್ಲಿ 26 ಕಳೆಯಬೇಕು. 21, U.

ಇಲ್ಲೂ ಉಳಿದ ಮೂರನ್ನು ತಪ್ಪುಗಳಿಂದಲೇ ಹುಟ್ಟಿಸಿದ್ದೆ. ಒಂದು ಕೂಡಿಸಲು ಮರೆತರೆ 46, ಅದರಲ್ಲಿ 26 ಕಳೆದರೆ 20, T. ಸುತ್ತುವಾಗ 26ರ ಬದಲು 25 ಕಳೆದರೆ 22, V. ಸ್ಥಾನಗಳೆಲ್ಲ ಅವಿಭಾಜ್ಯ ಎಂದು ಹೊರಟವರಿಗೆ 19, S. ಈ ಸಲ ಅವಳು S ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಮೊದಲ ಪ್ರಯತ್ನದಲ್ಲಿ V ಗೆ ಬಿದ್ದಳು. ಸುತ್ತುವಲ್ಲಿ ಒಂದು ಸ್ಥಾನ ತಪ್ಪುವುದು ಅಕ್ಷರ ಸರಣಿಯಲ್ಲಿ ನಾನು ಹೆಚ್ಚಾಗಿ ಕಂಡ ತಪ್ಪು. ಪರೀಕ್ಷಿಸಲು ಸುಲಭದ ದಾರಿಯಿದೆ. ವ್ಯತ್ಯಾಸಗಳು 3, 6, 12 ಆದಮೇಲೆ 24. 24 ಮುಂದೆ ಹೋಗುವುದೂ 2 ಹಿಂದೆ ಬರುವುದೂ ಒಂದೇ, ಎರಡೂ ಸೇರಿದರೆ 26. W ಯಿಂದ ಎರಡು ಹಿಂದೆ V, U.

ಅಂಗಳ ಚಿಕ್ಕದು ಎಂದೆನಲ್ಲ, ಅದರಿಂದ ಒಂದು ತೊಂದರೆಯೂ ಇದೆ. ಸಂಖ್ಯೆಗಳಿಗೆ ಮಿತಿ ಇಲ್ಲ, ತಪ್ಪು ನಿಯಮವೊಂದು ಅಕಸ್ಮಾತ್ತಾಗಿ 47ಕ್ಕೇ ಬಂದು ಬೀಳುವುದು ಅಪರೂಪ. ಅಕ್ಷರಗಳು ಇರುವುದೇ 26, ಕಣ್ಣುಮುಚ್ಚಿ ಹೊಡೆದರೂ 26ಕ್ಕೆ ಒಂದು ಸಲ ತಾಗುತ್ತದೆ. ಹಾಗಾಗಿ ಅಕ್ಷರ ಸರಣಿಯಲ್ಲಿ ಒಂದೊಂದು ಸಾಕ್ಷಿಯ ಬಲವೂ ಕಡಿಮೆ. ಎರಡು ಮೂರು ಅಕ್ಷರಗಳ ಗುಂಪುಗಳನ್ನು ಕೊಟ್ಟು AZ, BY, CX ಎಂಬಂತೆ ಕೇಳಿದರೆ ಈ ಕೊರತೆ ತುಂಬುತ್ತದೆ. ಇಲ್ಲಿ ಮೊದಲ ಅಕ್ಷರ ಒಂದೊಂದೇ ಮುಂದೆ, ಎರಡನೆಯದು ಒಂದೊಂದೇ ಹಿಂದೆ, ಜೊತೆಗೆ ಎರಡರ ಸ್ಥಾನ ಕೂಡಿದರೆ ಪ್ರತಿ ಸಲವೂ 27. DW ಎಂದು ಬರೆದು 4 ಮತ್ತು 23 ಕೂಡಿಸಿದರೆ, ಉತ್ತರ ಸರಿಯೇ ಎಂದು ಐದು ಸೆಕೆಂಡಿನಲ್ಲಿ ಗೊತ್ತಾಗುತ್ತದೆ.

ಒಂದು ಬಗೆಯ ಅಕ್ಷರ ಸರಣಿಗೆ ಮಾತ್ರ ಈ ಯಾವ ಲೆಕ್ಕವೂ ತಾಗುವುದಿಲ್ಲ. O, T, T, F, F, S, S, ? ಸ್ಥಾನ ಬರೆದು, ವ್ಯತ್ಯಾಸ ತೆಗೆದು, ಸೀಳಿ, ಏನು ಮಾಡಿದರೂ ದಾರಿ ಸಿಗದು. ಅವು ವನ್, ಟೂ, ತ್ರೀ ಎಂಬ ಇಂಗ್ಲಿಷ್ ಎಣಿಕೆಯ ಮೊದಲಕ್ಷರಗಳು, ಮುಂದಿನದು ಏಯ್ಟ್‌ನ E. ಇದರ ಕಷ್ಟ ತಿಳಿಯಬೇಕಾದರೆ ಕನ್ನಡದಲ್ಲಿ ಇಡಿ: ಒಂ, ಎ, ಮೂ, ನಾ, ಐ, ? ನಿಮ್ಮ ನಾಲಿಗೆ 'ಆ' ಎಂದು ಆಗಲೇ ಹೇಳಿಬಿಟ್ಟಿತು. ಭಾ, ಸೋ, ಮಂ, ಬು ಎಂದರೆ ಗು. ಚೈ, ವೈ, ಜ್ಯೇ ಎಂದರೆ ಆ. ಈ ಭಾಷೆ ಬಾರದವರ ಮುಂದೆ ಇಟ್ಟರೆ ಎಷ್ಟು ಬುದ್ಧಿವಂತರಾದರೂ ಗಂಟೆಗಟ್ಟಲೆ ಕೂರುತ್ತಾರೆ. ಇಂಥ ಪ್ರಶ್ನೆ ಅಳೆಯುವುದು ತರ್ಕವನ್ನಲ್ಲ, ಯಾರ ಮನೆಯಲ್ಲಿ ಯಾವ ಮಾತಿದೆ ಎಂಬುದನ್ನು. ಹಳ್ಳಿಯ ಕನ್ನಡ ಶಾಲೆಯ ಮಗುವಿನ ಮುಂದೆ ಇದನ್ನು ಇಡಬಾರದು ಎಂದೇ ನನ್ನ ಗಟ್ಟಿ ಅಭಿಪ್ರಾಯ. ಪರೀಕ್ಷೆಯಲ್ಲಿ ಎದುರಾದರೆ, ಅರ್ಧ ನಿಮಿಷದಲ್ಲಿ ವ್ಯತ್ಯಾಸಗಳಿಂದ ಏನೂ ಹೊರಡದಿದ್ದಾಗ ತಿಂಗಳು, ವಾರ, ಎಣಿಕೆಗಳ ಇಂಗ್ಲಿಷ್ ಹೆಸರನ್ನು ಒಮ್ಮೆ ನೆನೆಯಬೇಕು.

ಪ್ರಶ್ನೆ ಬರೆಯುವವರು ಮಾಡಬಹುದಾದ ಕೆಲಸವೂ ಒಂದಿದೆ. ತಪ್ಪು ಆಯ್ಕೆಗಳನ್ನು ಒಂದೊಂದಾಗಿ ಹಿಡಿದು, ಅದರ ಪರ ವಕೀಲರಾಗಿ ಕೂತು ಚಿಕ್ಕ ನಿಯಮ ಸಿಗುತ್ತದೆಯೇ ನೋಡುವುದು. ಹಾಗೆ ನೋಡದೆ ಬಂದ ಪ್ರಶ್ನೆಗಳು ಆಮೇಲೆ ಕೀ ಉತ್ತರದ ಹೊತ್ತಿಗೆ ಎದ್ದು ಬರುತ್ತವೆ. ಎಷ್ಟೋ ನೇಮಕಾತಿ ಪರೀಕ್ಷೆಗಳಲ್ಲಿ ಮೊದಲು ತಾತ್ಕಾಲಿಕ ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತಾರೆ. ಅಲ್ಲಿ 'ನನ್ನದೂ ಹೊಂದುತ್ತದೆ' ಎಂದು ಬರೆದರೆ ಸಾಲದು, ಹೊಂದುವುದು ಯಾವುದು ತಾನೇ ಹೊಂದುವುದಿಲ್ಲ? ಅಮೆರಿಕದಲ್ಲಿ ನೀಲ್ ಸ್ಲೋನ್ ಎಂಬ ಗಣಿತಜ್ಞ 1964ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಸಂಖ್ಯಾ ಸರಣಿಗಳನ್ನು ಸಂಗ್ರಹಿಸತೊಡಗಿದರು. 1996ರಿಂದ ಅಂತರ್ಜಾಲದಲ್ಲಿರುವ ಆ ಕೋಶದಲ್ಲಿ ಈಗ ಮೂರೂವರೆ ಲಕ್ಷಕ್ಕೂ ಮಿಕ್ಕಿ ಸರಣಿಗಳಿವೆ. 2, 3, 5, 8 ಎಂದು ಹುಡುಕಿದರೆ ಮುಂದೆ 12 ಇರುವವೂ ಸಿಗುತ್ತವೆ, 13 ಇರುವವೂ ಸಿಗುತ್ತವೆ. ಆಕ್ಷೇಪಣೆ ನಿಲ್ಲಬೇಕಾದರೆ ತನ್ನ ನಿಯಮ ಕೀ ಉತ್ತರದ ನಿಯಮದಷ್ಟೇ ಚಿಕ್ಕದು, ಅಷ್ಟೇ ಸಾಕ್ಷಿ ಉಳ್ಳದ್ದು ಎಂದು ತೋರಿಸಬೇಕು. 2, 3, 5, 8ರ ಪ್ರಶ್ನೆಗೆ ನಾನು ಧೈರ್ಯವಾಗಿ ಆಕ್ಷೇಪಣೆ ಬರೆಯುತ್ತೇನೆ. 97ರ ಪರವಾಗಿ, ಅದು ಎಷ್ಟೇ ಸೊಗಸಾಗಿದ್ದರೂ, ಬರೆಯುವುದಿಲ್ಲ.

ಹುಡುಗಿ ಕೊನೆಗೆ ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು. "ಮಾಮ, ಚಿಕ್ಕ ನಿಯಮಾನೇ ಯಾವಾಗ್ಲೂ ಸರೀನಾ?" ಪರೀಕ್ಷೆಯ ಸರಣಿಯನ್ನು ಒಬ್ಬ ಮನುಷ್ಯ, ಒಂದು ನಿಮಿಷದಲ್ಲಿ ಬಿಡಿಸಲಿ ಎಂದು ಬರೆದಿರುತ್ತಾನೆ. ಅದಕ್ಕೇ ಅಲ್ಲಿ ಚಿಕ್ಕದು ಗೆಲ್ಲುತ್ತದೆ. ಸರಣಿ ಬೇರೆಲ್ಲಿಂದಲೋ ಬಂದಿದ್ದರೆ? ಉತ್ತರ ಹೇಳುವ ಬದಲು ಅವಳ ಕೈಗೆ ಪೆನ್ಸಿಲು ಮತ್ತು ಕೈವಾರ ಕೊಟ್ಟೆ.

ಒಂದು ವೃತ್ತ ಬರೆ. ಅಂಚಿನ ಮೇಲೆ ಒಂದು ಚುಕ್ಕಿ ಇಡು, ವೃತ್ತ ಇನ್ನೂ ಒಂದೇ ತುಂಡು. ಎರಡು ಚುಕ್ಕಿ ಇಟ್ಟು ಗೆರೆ ಎಳೆ, ಎರಡು ತುಂಡು. ಮೂರು ಚುಕ್ಕಿ ಇಟ್ಟು ಒಂದೊಂದನ್ನೂ ಉಳಿದೆಲ್ಲದಕ್ಕೂ ಸೇರಿಸು, ನಾಲ್ಕು ತುಂಡು. ನಾಲ್ಕು ಚುಕ್ಕಿಗೆ ಎಂಟು. ಐದು ಚುಕ್ಕಿಗೆ ಹದಿನಾರು. 1, 2, 4, 8, 16. ಎರಡು ಸಂಖ್ಯೆ ಖರ್ಚು, ಮೂರು ಸಾಕ್ಷಿ, 'ಇಮ್ಮಡಿ ಮಾಡು' ಎಂಬ ಎರಡೇ ಪದದ ನಿಯಮ. ಆರನೆಯದು 32 ಎಂದು ಅವಳು ಮೂಲೆಯಲ್ಲಿ ಬರೆದಿಟ್ಟುಕೊಂಡೇ ಆರು ಚುಕ್ಕಿ ಹಾಕಿದಳು. ಹದಿನೈದು ಗೆರೆ ಎಳೆದು ಎಣಿಸಿದಳು. 30. ಚುಕ್ಕಿಗಳನ್ನು ಸಮ ಅಂತರದಲ್ಲಿ ಇಟ್ಟಿದ್ದಳು, ಹಾಗಾಗಿ ಎದುರುಬದುರಾದ ಮೂರು ಗೆರೆಗಳು ನಡುಮಧ್ಯದಲ್ಲಿ ಒಂದೇ ಬಿಂದುವಿನಲ್ಲಿ ಕೂಡಿದ್ದವು. ಒಂದು ಚುಕ್ಕಿಯನ್ನು ಸ್ವಲ್ಪ ಸರಿಸು ಎಂದೆ. ಸರಿಸಿ ಮತ್ತೆ ಎಳೆದಳು. ಮೂರು ಗೆರೆಗಳು ಬಿಡಿಸಿಕೊಂಡು ನಡುವೆ ಸಾಸಿವೆ ಕಾಳಿನಷ್ಟು ಒಂದು ತ್ರಿಕೋನ ತೆರೆದುಕೊಂಡಿತು. ಪೆನ್ಸಿಲಿನ ತುದಿಯಿಂದ ಪ್ರತಿ ತುಂಡಿಗೂ ಒಂದೊಂದು ಅಂಕಿ ಬರೆಯುತ್ತಾ ಹೋಗಿ, ಕೊನೆಯ ಅಂಕಿಯನ್ನು ಆ ಪುಟ್ಟ ತ್ರಿಕೋನದೊಳಗೆ ಹಿಡಿಸಲಾಗದೆ ಪಕ್ಕದಲ್ಲಿ ಬರೆದಳು: 31.